ಮದ್ದೂರು ಒಳಗೋ ಹೊರಗೋ: ಒಂದು ಸ್ಕ್ರೀನ್‌ಶಾಟ್‌ನಿಂದ ಅಂಕಪಟ್ಟಿ ತಿದ್ದಿದ ಕಥೆ

ಮಂಡ್ಯದ ಹತ್ತಿರ ನಾವೊಂದಷ್ಟು ಜನ ಸೇರಿ ಟೆನಿಸ್ ಬಾಲ್ ಲೀಗ್ ನಡೆಸುತ್ತೇವೆ. ಆರು ತಂಡ, 8 ಓವರ್ ಪಂದ್ಯ, ಎಲ್ಲರೂ ಎಲ್ಲರ ಮೇಲೂ ಒಂದು ಸಲ ಆಡಬೇಕು. ಅಂದರೆ ಒಟ್ಟು 15 ಪಂದ್ಯ. ಗೆದ್ದರೆ 2 ಅಂಕ, ಮೇಲಿನ ನಾಲ್ಕು ತಂಡ ಸೆಮಿಫೈನಲ್‌ಗೆ. ಅಂಕಪಟ್ಟಿ ನೋಡಿಕೊಳ್ಳುವುದು ನನ್ನ ಕೆಲಸ. ತಂಡಗಳ ನಿಜವಾದ ಹೆಸರು ಇಲ್ಲಿ ಬೇಡ, ಜಿಲ್ಲೆಯ ತಾಲೂಕುಗಳ ಹೆಸರಿಟ್ಟು ಹೇಳುತ್ತೇನೆ: ಶ್ರೀರಂಗಪಟ್ಟಣ, ಮಳವಳ್ಳಿ, ಮದ್ದೂರು, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ.

ಕೊನೆಯ ಭಾನುವಾರ ಮೂರು ಪಂದ್ಯ ಬಾಕಿ ಇತ್ತು. ನಾನು ಆವತ್ತು ಮೈಸೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಪಂದ್ಯ ಮುಗಿದ ಮೇಲೆ ಸ್ಕೋರರ್ ಹುಡುಗ ಮೊಬೈಲ್ ಆ್ಯಪ್‌ನಲ್ಲಿದ್ದ ಫಲಿತಾಂಶದ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ, ಜೊತೆಗೆ ತಾನೇ ಲೆಕ್ಕ ಹಾಕಿ ಒಂದು ಅಂಕಪಟ್ಟಿಯನ್ನೂ ಹಾಕಿದ. ಅದರಲ್ಲಿ ಮದ್ದೂರು ಮೂರನೇ ಸ್ಥಾನ, ನಾಗಮಂಗಲ ನಾಲ್ಕು, ಪಾಂಡವಪುರ ಹೊರಗೆ. ಮದ್ದೂರಿನ ಹುಡುಗರು ಪಟಾಕಿ ಹೊಡೆದಿದ್ದೂ ಆಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಆ ಪಟ್ಟಿ ನೋಡಿದೆ. ಎಲ್ಲೋ ತಪ್ಪಿದೆ ಅನ್ನಿಸಿತು. ಅನುಮಾನ ಬಂದದ್ದು ಒಂದು ಸಣ್ಣ ಅಂಕಿಯಿಂದ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಸ್ಕ್ರೀನ್‌ಶಾಟ್‌ನಲ್ಲಿ ಇದ್ದದ್ದು ಇಷ್ಟು:

ಪಾಂಡವಪುರ 52/4 (5.0), ಕೆ.ಆರ್. ಪೇಟೆ 34 (4.2). ಪಾಂಡವಪುರಕ್ಕೆ 18 ರನ್ ಜಯ.

ಶ್ರೀರಂಗಪಟ್ಟಣ 71/6 (8.0), ನಾಗಮಂಗಲ 72/5 (7.4). ನಾಗಮಂಗಲಕ್ಕೆ 5 ವಿಕೆಟ್ ಜಯ.

ಮಳವಳ್ಳಿ 84/3 (8.0), ಮದ್ದೂರು 58 (6.3). ಮಳವಳ್ಳಿಗೆ 26 ರನ್ ಜಯ.

ಸ್ಕ್ರೀನ್‌ಶಾಟ್ ಬಂದ ಕೂಡಲೇ ಅದರಲ್ಲಿರುವುದನ್ನು ಶೀಟಿಗೆ ಹಾಕಬಾರದು. ವಾಟ್ಸಾಪ್‌ನಲ್ಲಿ ಒಂದೆರಡು ಕೈ ದಾಟಿದ ಚಿತ್ರ ಮಸುಕಾಗಿರುತ್ತದೆ, 3 ಮತ್ತು 8, 5 ಮತ್ತು 6 ಒಂದೇ ಥರ ಕಾಣುತ್ತವೆ. ಅದಕ್ಕೆ ನಾನು ಎರಡು ಕಡೆ ತಾಳೆ ನೋಡುತ್ತೇನೆ. ಒಂದು, ಸ್ಕೋರಿಗೂ ಕೆಳಗಿನ ಫಲಿತಾಂಶದ ಸಾಲಿಗೂ ಹೊಂದಬೇಕು: 84ರಲ್ಲಿ 58 ಕಳೆದರೆ 26, ಸರಿ, 52ರಲ್ಲಿ 34 ಕಳೆದರೆ 18, ಸರಿ, ಐದು ವಿಕೆಟ್ ಬಿದ್ದಿದ್ದರೆ ಗೆಲುವು ಐದು ವಿಕೆಟ್‌ನದ್ದು, ಸರಿ. ಎರಡನೆಯದು, ಓವರಿನಲ್ಲಿ ಚುಕ್ಕಿಯ ಮುಂದೆ 0ರಿಂದ 5ರ ತನಕ ಮಾತ್ರ ಅಂಕಿ ಬರಬಹುದು. 6.3 ಇದ್ದದ್ದು ನಿಮಗೆ 6.8 ಥರ ಕಂಡರೆ ಅದು 8 ಅಲ್ಲವೇ ಅಲ್ಲ, ಯಾಕೆಂದರೆ ಓವರಿಗೆ ಆರೇ ಎಸೆತ.

ಇನ್ನೊಂದು ವಿಷಯ ಚಿತ್ರದಲ್ಲೇ ಇತ್ತು, ಹುಡುಗ ಗಮನಿಸಿರಲಿಲ್ಲ. ಕೆ.ಆರ್. ಪೇಟೆ ಮತ್ತು ಮದ್ದೂರಿನ ಸ್ಕೋರಿನ ಮುಂದೆ ಓರೆಗೆರೆ ಇಲ್ಲ. ವಿಕೆಟ್ ಸಂಖ್ಯೆ ಬರೆಯದೆ ಬರೀ 34, ಬರೀ 58 ಅಂತಿದೆ. ಅಂದರೆ ಎರಡೂ ತಂಡ ಆಲೌಟ್. ಮತ್ತೆ ಮೊದಲ ಪಂದ್ಯದಲ್ಲಿ ಪಾಂಡವಪುರ ನಾಲ್ಕೇ ವಿಕೆಟ್ ಕಳೆದುಕೊಂಡು 5 ಓವರಿಗೆ ಬ್ಯಾಟಿಂಗ್ ನಿಲ್ಲಿಸಿದೆ. ಮೊದಲು ಬ್ಯಾಟ್ ಮಾಡುವ ತಂಡ ಸುಮ್ನೆ ಹಾಗೆ ನಿಲ್ಲಿಸುವುದಿಲ್ಲ ಅಲ್ವಾ? ಹುಡುಗನಿಗೆ ಫೋನ್ ಮಾಡಿದೆ.

"ಹೌದಣ್ಣ, ರಾತ್ರಿ ಮಳೆ ಬಂದು ಪಿಚ್ ಒದ್ದೆ ಆಗಿತ್ತು, ಲೇಟಾಗಿ ಶುರು ಮಾಡಿದ್ವಿ, ಟಾಸ್‌ಗೆ ಮುಂಚೆನೇ ಐದೈದು ಓವರ್ ಅಂತ ಮಾತಾಯ್ತು. ಆ ಸಾಲು ಕೆಳಗಿತ್ತು, ಸ್ಕ್ರೀನ್‌ಶಾಟ್‌ನಲ್ಲಿ ಬಂದಿಲ್ಲ" ಅಂದ.

ಈ ಒಂದು ಫೋನ್ ಇಲ್ಲದಿದ್ದರೆ ಲೆಕ್ಕ ಸರಿಯಾಗುತ್ತಲೇ ಇರಲಿಲ್ಲ. ಚಿತ್ರದಲ್ಲಿ ಕತ್ತರಿಸಿಹೋದ ಒಂದೇ ಸಾಲು ಅದು. ಟಾಸ್‌ಗೆ ಮುಂಚೆ ತೀರ್ಮಾನವಾದದ್ದೂ ಒಳ್ಳೆಯದೇ ಆಯಿತು. ಆಟದ ಮಧ್ಯೆ ಮಳೆ ಬಂದು ಗುರಿ ಬದಲಾಗಿದ್ದರೆ ಅದರ ಲೆಕ್ಕವೇ ಬೇರೆ.

ಈಗ ಅಂಕದ ಮಾತು. ಆ ದಿನಕ್ಕೆ ಮುಂಚೆ ಶ್ರೀರಂಗಪಟ್ಟಣ 8, ಮಳವಳ್ಳಿ 6, ಮದ್ದೂರು 4, ಉಳಿದ ಮೂರೂ ತಂಡಕ್ಕೆ ತಲಾ 2 ಅಂಕ ಇತ್ತು. ಮೂರು ಫಲಿತಾಂಶ ಸೇರಿಸಿದರೆ ಶ್ರೀರಂಗಪಟ್ಟಣ ಮತ್ತು ಮಳವಳ್ಳಿ 8, ಮದ್ದೂರು, ಪಾಂಡವಪುರ, ನಾಗಮಂಗಲ ಮೂರೂ 4, ಕೆ.ಆರ್. ಪೇಟೆ 2. ಒಟ್ಟು 30. ಹದಿನೈದು ಪಂದ್ಯಕ್ಕೆ ಎರಡೆರಡು ಅಂಕ ಅಂದರೂ 30, ಹಾಗಾಗಿ ಅಂಕ ಎಲ್ಲೂ ಕಳೆದುಹೋಗಿಲ್ಲ. ಮೊದಲ ಎರಡು ಜಾಗದ ಬಗ್ಗೆ ತಕರಾರಿಲ್ಲ, ಶ್ರೀರಂಗಪಟ್ಟಣದ ರನ್ ರೇಟ್ ಮೇಲಿತ್ತು. ಉಳಿದದ್ದು ಎರಡು ಜಾಗ, ಅದಕ್ಕೆ ಮೂರು ತಂಡ.

ನಮ್ಮ ನಿಯಮದಲ್ಲಿ ಅಂಕ ಸಮ ಆದರೆ ನೆಟ್ ರನ್ ರೇಟ್ ನೋಡುತ್ತೇವೆ, ಅದೂ ಸಮ ಆದರೆ ಪರಸ್ಪರ ಪಂದ್ಯದಲ್ಲಿ ಯಾರು ಗೆದ್ದರು ಅಂತ ನೋಡುತ್ತೇವೆ. ನೆಟ್ ರನ್ ರೇಟ್ ಅಂದರೆ ಕಷ್ಟವೇನಿಲ್ಲ. ತಂಡ ಇಡೀ ಲೀಗಿನಲ್ಲಿ ಹೊಡೆದ ರನ್ನನ್ನು ಆಡಿದ ಓವರಿನಿಂದ ಭಾಗಿಸಬೇಕು, ಕೊಟ್ಟ ರನ್ನನ್ನು ಹಾಕಿದ ಓವರಿನಿಂದ ಭಾಗಿಸಬೇಕು, ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಬೇಕು. ಪ್ರತಿ ಪಂದ್ಯದ ರನ್ ರೇಟ್ ತೆಗೆದು ಆಮೇಲೆ ಸರಾಸರಿ ಮಾಡುವುದಲ್ಲ, ಎಲ್ಲ ರನ್ನು ಎಲ್ಲ ಓವರು ಒಟ್ಟು ಕೂಡಿಸಿ ಒಂದೇ ಸಲ ಭಾಗಿಸುವುದು. ಸರಾಸರಿ ಮಾಡಿದರೆ 5 ಓವರಿನ ಪಂದ್ಯಕ್ಕೂ 8 ಓವರಿನ ಪಂದ್ಯಕ್ಕೂ ಒಂದೇ ತೂಕ ಸಿಕ್ಕಿಬಿಡುತ್ತದೆ.

ಆ ಭಾನುವಾರಕ್ಕೆ ಮುಂಚೆ, ನಾಲ್ಕು ಪಂದ್ಯ ಆದಾಗ, ನನ್ನ ಶೀಟಿನಲ್ಲಿ ಮೂರು ತಂಡದ್ದು ಹೀಗಿತ್ತು. ನಾನು ಯಾವಾಗಲೂ ಓವರ್ ಬರೆಯುವುದಿಲ್ಲ, ಎಸೆತ ಬರೆಯುತ್ತೇನೆ.

| ತಂಡ | ಹೊಡೆದ ರನ್ | ಆಡಿದ ಎಸೆತ | ಕೊಟ್ಟ ರನ್ | ಹಾಕಿದ ಎಸೆತ | ರನ್ ರೇಟ್ |
|---|---|---|---|---|---|
| ಮದ್ದೂರು | 268 | 188 | 262 | 190 | +0.280 |
| ನಾಗಮಂಗಲ | 251 | 191 | 262 | 190 | −0.389 |
| ಪಾಂಡವಪುರ | 246 | 190 | 268 | 188 | −0.785 |

ಇದರ ಮೇಲೆ ಹುಡುಗ ಮಾಡಿದ್ದು ಏನು? ಸ್ಕ್ರೀನ್‌ಶಾಟ್‌ನಲ್ಲಿದ್ದ ಓವರನ್ನು ಹಾಗೇ ತುಂಬಿ, ಎಸೆತ ಮಾಡಲು 6ರಿಂದ ಗುಣಿಸಿದ್ದಾನೆ. ಬಸ್ಸಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇದೇ: ನಾಗಮಂಗಲದ ಮುಂದೆ ಆಡಿದ ಎಸೆತ 235.4 ಅಂತಿತ್ತು. ಎಸೆತದಲ್ಲಿ ಚುಕ್ಕಿ ಬರುವುದುಂಟೇ? ಬೌಲರ್ ಅರ್ಧ ಬಾಲ್ ಹಾಕುವುದಿಲ್ಲ. 7.4 ಅಂದರೆ ಏಳೂ ಮುಕ್ಕಾಲಿಗೆ ಹತ್ತಿರದ ಲೆಕ್ಕ, ಏಳು ಓವರ್ ನಾಲ್ಕು ಎಸೆತ, 46 ಎಸೆತ. ಅವನು ಅದನ್ನು ದಶಾಂಶ ಅಂದುಕೊಂಡು 44.4 ಮಾಡಿದ್ದ. ಒಂದೂವರೆ ಎಸೆತ ಕಮ್ಮಿ ತೋರಿಸಿದರೆ ರನ್ ರೇಟ್ ಜಾಸ್ತಿ ಕಾಣುತ್ತದೆ.

ಅವನ ತಪ್ಪಿನಲ್ಲಿ ಇದು ಸಣ್ಣದು. ದೊಡ್ಡದು ಆಲೌಟ್.

ತಂಡ ಆಲೌಟ್ ಆದರೆ, ಎಷ್ಟು ಓವರಿಗೆ ಆಲೌಟ್ ಆದರೂ ಸರಿ, ಲೆಕ್ಕಕ್ಕೆ ತೆಗೆದುಕೊಳ್ಳುವುದು ಅದಕ್ಕೆ ಸಿಗಬೇಕಿದ್ದ ಪೂರ್ತಿ ಓವರ್. ಇಲ್ಲದಿದ್ದರೆ ಎಂಥ ಅನ್ಯಾಯ ಆಗುತ್ತದೆ ನೋಡಿ. 84 ರನ್ ಬೆನ್ನಟ್ಟುವ ತಂಡ 3 ಓವರಿಗೆ 33ಕ್ಕೆ ಆಲೌಟ್ ಆಯಿತು ಅನ್ನಿ. ಓವರಿಗೆ 11 ಬಂತು, ಎದುರಾಳಿಯದ್ದು ಓವರಿಗೆ 10.5. ಸೋತ ತಂಡದ ರನ್ ರೇಟ್ ಮೇಲೆ ಹೋಗಿಬಿಡುತ್ತದೆ! ಪೂರ್ತಿ 8 ಓವರ್ ನಿಂತು 60 ಹೊಡೆದ ತಂಡಕ್ಕೆ ಕೆಳಗಿನ ಜಾಗ. ಹತ್ತು ವಿಕೆಟ್ ಕಳೆದುಕೊಂಡದ್ದಕ್ಕೆ ಬೆಲೆ ಇರಬೇಕು ಅಂತಲೇ ಈ ನಿಯಮ.

ಇದಕ್ಕೆ ಎಲ್ಲರಿಗೂ ನೆನಪಿರುವ ಉದಾಹರಣೆ 2019ರ ವಿಶ್ವಕಪ್. ಪಾಕಿಸ್ತಾನ ತನ್ನ ಮೊದಲ ಪಂದ್ಯದಲ್ಲಿ ವೆಸ್ಟ್ ಇಂಡೀಸ್ ಮೇಲೆ 21.4 ಓವರಿಗೆ 105ಕ್ಕೆ ಆಲೌಟ್ ಆಯಿತು. ರನ್ ರೇಟಿಗೆ ಅದು 50 ಓವರಿಗೆ 105 ಅಂತ ಬಂತು, ಓವರಿಗೆ 2.1. ವೆಸ್ಟ್ ಇಂಡೀಸ್ 13.4 ಓವರಿನಲ್ಲಿ 108 ಹೊಡೆದು ಮುಗಿಸಿತು. ಒಂದೇ ಪಂದ್ಯಕ್ಕೆ −5.802. ಲೀಗ್ ಮುಗಿದಾಗ ನ್ಯೂಜಿಲೆಂಡ್, ಪಾಕಿಸ್ತಾನ ಎರಡಕ್ಕೂ 11 ಅಂಕ, ಎರಡಕ್ಕೂ ಐದು ಗೆಲುವು. ನ್ಯೂಜಿಲೆಂಡ್ +0.175, ಪಾಕಿಸ್ತಾನ −0.430. ಸೆಮಿಫೈನಲ್‌ಗೆ ಹೋದದ್ದು ನ್ಯೂಜಿಲೆಂಡ್, ಅದೂ ಲೀಗಿನಲ್ಲಿ ಪಾಕಿಸ್ತಾನದ ಕೈಲಿ ಸೋತಿದ್ದ ನ್ಯೂಜಿಲೆಂಡ್.

ನಮ್ಮ ಪಟ್ಟಿಗೆ ಬರೋಣ. ಹುಡುಗನ ಲೆಕ್ಕದಲ್ಲಿ ಮದ್ದೂರು 6.3 ಓವರಿಗೆ 58, ಹಾಗಾಗಿ ಅದರ ರನ್ ರೇಟ್ −0.060. ನಾಗಮಂಗಲ −0.162. ಪಾಂಡವಪುರಕ್ಕೆ ಕೆ.ಆರ್. ಪೇಟೆ ಆಲೌಟ್ ಆದದ್ದರ ಲಾಭ ಸಿಗಲೇ ಇಲ್ಲ, ಹಾಕಿದ್ದು 4.2 ಓವರ್ ಅಂತಲೇ ಬಂದು −0.372. ಒಂದೇ ತಪ್ಪು ಮದ್ದೂರನ್ನು ಮೇಲೆ ಎತ್ತಿತು, ಪಾಂಡವಪುರವನ್ನು ಕೆಳಗೆ ತಳ್ಳಿತು. ಎರಡು ಕಡೆಯಿಂದಲೂ ಅಂತರ ತಿರುವುಮುರುವಾಯಿತು.

ಆಲೌಟ್ ಸರಿಮಾಡೋಣ. ಮದ್ದೂರು ಹೊಡೆದದ್ದು 268ಕ್ಕೆ 58 ಸೇರಿ 326, ಎಸೆತ 188ಕ್ಕೆ 48 ಸೇರಿ 236. ಓವರಿಗೆ 8.288. ಕೊಟ್ಟದ್ದು 346, ಎಸೆತ 238, ಓವರಿಗೆ 8.723. ವ್ಯತ್ಯಾಸ −0.435.

ಪಾಂಡವಪುರದ್ದು ಹೊಡೆದದ್ದು 298, ಎಸೆತ 190ಕ್ಕೆ 30 ಸೇರಿ 220. ಓವರಿಗೆ 8.127. ಕೊಟ್ಟದ್ದು 268ಕ್ಕೆ 34 ಸೇರಿ 302. ಹಾಕಿದ ಎಸೆತ ಎಷ್ಟು? ಇಲ್ಲಿ ಗ್ರೂಪಿನಲ್ಲಿ ಇನ್ನೊಂದು ಗಲಾಟೆ ಆಯಿತು. ಆಲೌಟ್ ನಿಯಮ ನಾನು ಹೇಳಿದ ಕೂಡಲೇ ಒಬ್ಬರು ಕೆ.ಆರ್. ಪೇಟೆಗೆ 8 ಓವರ್ ಹಾಕಿ ಹೊಸ ಪಟ್ಟಿ ಕಳಿಸಿದರು, ಅದರಲ್ಲಿ ಪಾಂಡವಪುರ +0.449! ಅದು ತಪ್ಪು. ಪೂರ್ತಿ ಓವರ್ ಅಂದರೆ ಆ ಪಂದ್ಯಕ್ಕೆ ನಿಗದಿಯಾದ ಪೂರ್ತಿ ಓವರ್. ಆವತ್ತು ನಿಗದಿಯಾಗಿದ್ದು ಐದು. ಕೆ.ಆರ್. ಪೇಟೆಗೆ 8 ಓವರ್ ಸಿಕ್ಕೇ ಇರಲಿಲ್ಲವಲ್ಲ, ಎಲ್ಲಿಂದ ತಂದು ಹಾಕುವುದು? ಆದ್ದರಿಂದ 188ಕ್ಕೆ 30 ಸೇರಿ 218 ಎಸೆತ, ಓವರಿಗೆ 8.312, ವ್ಯತ್ಯಾಸ −0.185.

ಇಂಥ ತಪ್ಪನ್ನು ಪೂರ್ತಿ ಲೆಕ್ಕ ಮಾಡದೆಯೂ ಹಿಡಿಯಬಹುದು. ಪಾಂಡವಪುರ ಆ ಪಂದ್ಯದಲ್ಲಿ 5 ಓವರಿಗೆ 18 ರನ್ ಮೇಲಿತ್ತು, ಅಂದರೆ ಓವರಿಗೆ 3.6. ಮುಂಚೆ ಇದ್ದದ್ದು −0.785. ಇವೆರಡರ ಅಂತರ ಸುಮಾರು 4.4. ಈ ಪಂದ್ಯ ಒಟ್ಟು 220 ಎಸೆತದಲ್ಲಿ 30, ಸುಮಾರು ಏಳರಲ್ಲಿ ಒಂದು ಪಾಲು. 4.4ರಲ್ಲಿ ಏಳನೇ ಒಂದು ಪಾಲು ಅಂದರೆ 0.6 ಆಸುಪಾಸು. ಹಾಗಾದರೆ ರನ್ ರೇಟ್ −0.2ರ ಹತ್ತಿರ ನಿಲ್ಲಬೇಕು, +0.449ಕ್ಕೆ ಹಾರುವುದು ಸಾಧ್ಯವೇ ಇಲ್ಲ. ಲೀಗಿನ ಕೊನೆಯಲ್ಲಿ ಒಂದೇ ಪಂದ್ಯಕ್ಕೆ ರನ್ ರೇಟ್ ಒಂದಕ್ಕಿಂತ ಜಾಸ್ತಿ ಜಿಗಿದರೆ ನಾನು ಮೊದಲು ಓವರಿನ ಅಂಕಣವನ್ನೇ ನೋಡುವುದು.

ಕೊನೆಗೆ ನಾಗಮಂಗಲ. ಹೊಡೆದದ್ದು 323, ಎಸೆತ 191ಕ್ಕೆ 46 ಸೇರಿ 237. ಓವರಿಗೆ 8.177. ಕೊಟ್ಟದ್ದು 333, ಎಸೆತ 238, ಓವರಿಗೆ 8.395. ವ್ಯತ್ಯಾಸ −0.218. ಹುಡುಗನ 44.4 ಇಟ್ಟುಕೊಂಡಿದ್ದರೆ −0.162 ಬಂದು ನಾಗಮಂಗಲ ಪಾಂಡವಪುರಕ್ಕಿಂತ ಮೇಲೆ, ಮೂರನೇ ಸ್ಥಾನದಲ್ಲಿ ಇರುತ್ತಿತ್ತು. ಇಬ್ಬರೂ ಹೇಗೂ ಸೆಮಿಗೆ ಹೋದರಲ್ಲ, ಏನಾಯಿತು ಅನ್ನಬಹುದು. ಆದರೆ ನಮ್ಮಲ್ಲಿ ಮೊದಲನೆಯವರಿಗೆ ನಾಲ್ಕನೆಯವರು, ಎರಡನೆಯವರಿಗೆ ಮೂರನೆಯವರು ಎದುರಾಳಿ. ಆ ಒಂದೂವರೆ ಎಸೆತ ಸೆಮಿಫೈನಲ್ ಜೋಡಿಯನ್ನೇ ಬದಲಿಸುತ್ತಿತ್ತು.

ಸರಿಯಾದ ಕ್ರಮ: ಶ್ರೀರಂಗಪಟ್ಟಣ, ಮಳವಳ್ಳಿ, ಪಾಂಡವಪುರ (−0.185), ನಾಗಮಂಗಲ (−0.218), ಮದ್ದೂರು (−0.435), ಕೆ.ಆರ್. ಪೇಟೆ.

ಗ್ರೂಪಿಗೆ ಹಾಕುವ ಮುಂಚೆ ಇನ್ನೊಂದು ತಾಳೆ ನೋಡಿದೆ. ಆರೂ ತಂಡ ಹೊಡೆದ ರನ್ನಿನ ಮೊತ್ತ, ಆರೂ ತಂಡ ಕೊಟ್ಟ ರನ್ನಿನ ಮೊತ್ತಕ್ಕೆ ಸಮ ಇರಬೇಕು. ಒಬ್ಬರು ಹೊಡೆದದ್ದು ಇನ್ನೊಬ್ಬರು ಕೊಟ್ಟದ್ದೇ ತಾನೆ. ಎಸೆತದ್ದೂ ಹಾಗೇ. ಸಮ ಬಾರದಿದ್ದರೆ ಒಂದು ಪಂದ್ಯವನ್ನು ಒಂದು ಕಡೆ ಮಾತ್ರ ತುಂಬಿಸಿದ್ದೀರಿ, ಇಲ್ಲ ಆಲೌಟನ್ನು ಒಂದು ತಂಡಕ್ಕೆ ತಿದ್ದಿ ಎದುರಾಳಿಗೆ ತಿದ್ದಲು ಮರೆತಿದ್ದೀರಿ ಅಂತ ಅರ್ಥ. ಮದ್ದೂರಿಗೆ 48 ಎಸೆತ ಅಂದಮೇಲೆ ಮಳವಳ್ಳಿ ಹಾಕಿದ್ದೂ 48. ಆದರೆ ಎರಡು ಕಡೆಯೂ ಒಂದೇ ತಪ್ಪು ತುಂಬಿದ್ದರೆ ಈ ತಾಳೆಗೆ ಅದು ಸಿಗುವುದಿಲ್ಲ. ಐದು ಓವರಿನ ವಿಷಯ ಫೋನಿನಿಂದಲೇ ಗೊತ್ತಾಗಬೇಕಿತ್ತು.

ಪಟ್ಟಿ ಹಾಕಿದ ಐದೇ ನಿಮಿಷಕ್ಕೆ ಮದ್ದೂರಿನ ಕ್ಯಾಪ್ಟನ್ ಫೋನ್ ಮಾಡಿದ. ಸಿಟ್ಟು ಬಂದಿತ್ತು, ಬರಬೇಕಾದದ್ದೇ, ಪಟಾಕಿ ಹೊಡೆದ ಮೇಲೆ ಹೊರಗೆ ಅಂದರೆ ಯಾರಿಗೆ ತಾನೆ ಬರುವುದಿಲ್ಲ.

"ಅಣ್ಣ, ಪಾಂಡವಪುರದ ಮೇಲೆ ನಾವು ಗೆದ್ದಿದ್ದೀವಿ. ನಾವು ಸೋಲಿಸಿದವರು ಒಳಗೆ, ನಾವು ಹೊರಗೆ, ಇದ್ಯಾವ ನ್ಯಾಯ?"

ಅವನ ಮಾತಿನಲ್ಲಿ ಹುರುಳಿತ್ತು, ಹಾಗಾಗಿ ನಿಧಾನವಾಗಿ ಹೇಳಿದೆ. ಒಂದು, ನಿಯಮದಲ್ಲಿ ರನ್ ರೇಟ್ ಮೊದಲು, ಪರಸ್ಪರ ಪಂದ್ಯ ಆಮೇಲೆ, ಅದಕ್ಕೆ ಲೀಗ್ ಶುರುವಾಗುವ ಮುಂಚೆ ಎಲ್ಲ ಕ್ಯಾಪ್ಟನ್‌ಗಳೂ ಸಹಿ ಹಾಕಿದ್ದಾರೆ. ಎರಡು, ಪರಸ್ಪರ ಪಂದ್ಯವನ್ನೇ ಮೊದಲು ಇಟ್ಟುಕೊಂಡರೂ ಇಲ್ಲಿ ಗಂಟು ಬಿಡಿಸುವುದಿಲ್ಲ. ಮದ್ದೂರು ಪಾಂಡವಪುರವನ್ನು ಸೋಲಿಸಿತ್ತು, ಪಾಂಡವಪುರ ನಾಗಮಂಗಲವನ್ನು ಸೋಲಿಸಿತ್ತು, ನಾಗಮಂಗಲ ಮದ್ದೂರನ್ನು ಸೋಲಿಸಿತ್ತು. ಮೂವರಿಗೂ ಒಂದೊಂದು ಗೆಲುವು, ಒಂದೊಂದು ಸೋಲು. ಸುತ್ತಿಕೊಂಡು ಮತ್ತೆ ರನ್ ರೇಟಿಗೇ ಬರಬೇಕು. ಮೂರು ತಂಡ ಸಮ ಇದ್ದಾಗ ಅದರಲ್ಲಿ ಎರಡನ್ನು ಮಾತ್ರ ಎತ್ತಿಕೊಂಡು ಹೋಲಿಸಬಾರದು.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಹಂಗಾದ್ರೆ ನಾವು ಎಷ್ಟು ಹೊಡೀಬೇಕಿತ್ತಣ್ಣ?"

ನಾನೂ ಅದನ್ನು ಲೆಕ್ಕ ಹಾಕಿರಲಿಲ್ಲ. ಹಾಕಿ ನೋಡಿದೆ. ಮದ್ದೂರು ಕೊಟ್ಟದ್ದು ಓವರಿಗೆ 8.723, ನಾಗಮಂಗಲದ −0.218 ದಾಟಬೇಕಾದರೆ ಹೊಡೆದದ್ದು ಓವರಿಗೆ 8.505 ದಾಟಬೇಕು. 236 ಎಸೆತಕ್ಕೆ ಅದು 334.5 ರನ್, ಅಂದರೆ 335. ಅದರಲ್ಲಿ 268 ಆಗಲೇ ಇತ್ತು. ಬೇಕಿದ್ದದ್ದು 67. ಅವರು ಹೊಡೆದದ್ದು 58. ಪಂದ್ಯ ಸೋತರೂ ಇನ್ನು 9 ರನ್ ಬಂದಿದ್ದರೆ ಮದ್ದೂರು ಸೆಮಿಫೈನಲ್‌ನಲ್ಲಿ ಇರುತ್ತಿತ್ತು. 6.3ಕ್ಕೆ ಆಲೌಟ್ ಆದಾಗ ಉಳಿದಿದ್ದ ಎಸೆತವೂ 9.

ಆ ಪಂದ್ಯ ಕೊನೆಯದು, ಉಳಿದ ಎರಡರ ಫಲಿತಾಂಶ ಬಂದಾಗಿತ್ತು. ಮಳವಳ್ಳಿ 84 ಹೊಡೆದ ಕೂಡಲೇ ಯಾರಾದರೂ ಈ ಲೆಕ್ಕ ಹಾಕಿ 67 ಅಂತ ಹೇಳಿದ್ದರೆ, ಆರನೇ ಓವರಿನಲ್ಲಿ ಗೆಲುವಿಗೆ ಅಂತ ಬೀಸಿ ಬೀಸಿ ಔಟಾದ ಆ ಮೂವರು ಒಂದೊಂದೇ ರನ್ ಕದ್ದುಕೊಂಡು ನಿಲ್ಲುತ್ತಿದ್ದರು. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ನಮ್ಮ ಆರ್‌ಸಿಬಿ 218 ಹೊಡೆದ ಮೇಲೆ ಸೋತರೂ ಚೆನ್ನೈಗೆ 201 ಸಾಕು ಅಂತ ಎಲ್ಲರಿಗೂ ಗೊತ್ತಿತ್ತು, ಅವರು 191ಕ್ಕೆ ನಿಂತರು, ಎರಡೂ ತಂಡಕ್ಕೆ 14 ಅಂಕ ಇದ್ದೂ ಆರ್‌ಸಿಬಿ ಮುಂದೆ ಹೋಯಿತು. ಮದ್ದೂರಿನ ಹುಡುಗರಿಗೆ ಆ ಸಂಖ್ಯೆ ಗೊತ್ತಿರಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ, ಹೇಳಬೇಕಾದವನು ನಾನೇ ಆಗಿದ್ದೆ.

ಶೀಟನ್ನು ಆ ರಾತ್ರಿಯೇ ಬದಲಾಯಿಸಿದೆ. ಈಗ ಯಾರು ಬೇಕಾದರೂ ಸ್ಕ್ರೀನ್‌ಶಾಟ್‌ನಲ್ಲಿ ಇರುವ ಹಾಗೇ ಓವರ್ ತುಂಬಬಹುದು, ಎಸೆತ ತಾನೇ ಬರುತ್ತದೆ. `C2`ನಲ್ಲಿ ಓವರ್, `D2`ನಲ್ಲಿ ಆ ಪಂದ್ಯಕ್ಕೆ ನಿಗದಿಯಾದ ಓವರ್, `E2`ನಲ್ಲಿ ಆಲೌಟ್ ಆಗಿದ್ದರೆ 1, ಇಲ್ಲದಿದ್ದರೆ 0:

```
=IF(E2=1, D2*6, INT(C2)*6+ROUND((C2-INT(C2))*10,0))
```

`ROUND` ಬಿಡಬೇಡಿ. 4.3ರಲ್ಲಿ 4 ಕಳೆದರೆ ಕಂಪ್ಯೂಟರ್ ಒಳಗೆ ಸರಿಯಾಗಿ 0.3 ಬರುವುದಿಲ್ಲ, ಕೂದಲೆಳೆಯಷ್ಟು ಕಮ್ಮಿ ಬರುತ್ತದೆ, ಅದನ್ನು ಹತ್ತರಿಂದ ಗುಣಿಸಿ `INT` ಹಾಕಿದರೆ 3ರ ಬದಲು 2 ಎಸೆತ ಸಿಗಬಹುದು. `D2` ಖಾಲಿ ಬಿಟ್ಟರೆ ಆ ಸಾಲು ಕೆಂಪಾಗುವ ಹಾಗೆ ಮಾಡಿದ್ದೇನೆ, ಯಾಕೆಂದರೆ ಆ ಒಂದು ಸಂಖ್ಯೆ ಸ್ಕ್ರೀನ್‌ಶಾಟ್‌ನಲ್ಲಿ ಎಷ್ಟೋ ಸಲ ಇರುವುದಿಲ್ಲ, ಕೇಳಿಯೇ ತುಂಬಬೇಕು.

ಸ್ಕೋರರ್ ಹುಡುಗನಿಗೆ ಇದನ್ನೆಲ್ಲ ಸೋಮವಾರ ಸಂಜೆ ಕೂತು ತೋರಿಸಿದೆ. 235.4 ತೋರಿಸಿದ ಕೂಡಲೇ ಅವನೇ ಹಿಡಿದ. ಮುಂದಿನ ಲೀಗಿಗೆ ಕೊನೆಯ ದಿನದ ಎಲ್ಲ ಪಂದ್ಯಕ್ಕೂ ಇನಿಂಗ್ಸ್ ಮಧ್ಯೆ "ಸೋತರೂ ಎಷ್ಟು ಬೇಕು" ಅನ್ನುವ ಸಂಖ್ಯೆ ಲೆಕ್ಕ ಹಾಕಿ ಎರಡೂ ಕ್ಯಾಪ್ಟನ್‌ಗಳಿಗೆ ಹೇಳುವ ಕೆಲಸ ಅವನದೇ, ತಾನೇ ಕೇಳಿ ತೆಗೆದುಕೊಂಡ. ಸೆಮಿಫೈನಲ್ ಜೋಡಿ ಹೀಗಾಯಿತು: ಮಳವಳ್ಳಿಗೆ ಪಾಂಡವಪುರ, ಶ್ರೀರಂಗಪಟ್ಟಣಕ್ಕೆ ಅದೇ ನಾಗಮಂಗಲ, ಭಾನುವಾರ ಸೋಲಿಸಿದವರೇ ಮತ್ತೆ ಎದುರಿಗೆ.